ಬಂದು ಹೋಗಿ ಮತ್ತೆ ಬರುವ ಜ್ವರ: ವೈದ್ಯರು ಕೇಳಿದ ಜ್ವರದ ಪಟ್ಟಿಯನ್ನು ಹೇಗೆ ಬರೆಯಬೇಕು?

ಹಿರಿಯೂರಿನ ತಮ್ಮ
ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ನಿಮಿತ್ತ ದಾವಣಗೆರೆಯಲ್ಲಿದ್ದೇನೆ. ಅಕ್ಕ ಮತ್ತು ಭಾವ ಹಿರಿಯೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದಾರೆ. ಭಾವನಿಗೆ ಎರಡು ತಿಂಗಳಿಗೂ ಹೆಚ್ಚು ಕಾಲದಿಂದ ಜ್ವರ ಬಂದು ಹೋಗುತ್ತಿದೆ. ಒಂದು ವಾರ, ಹತ್ತು ದಿನ ಸಂಜೆಯಾದರೆ ಮೈ ಸುಡುತ್ತದೆ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು ಬರುತ್ತದೆ. ಆಮೇಲೆ ಕೆಲವು ದಿನ ಏನೂ ಇರುವುದಿಲ್ಲ. ವಾಸಿಯಾಯಿತೆಂದು ಅವರು ಕುರಿ ಹೊಡೆದುಕೊಂಡು ಹೊರಟ ಮೇಲೆ ಮತ್ತೆ ಶುರುವಾಗುತ್ತದೆ.

ಊರಿನ ಹತ್ತಿರದ ಆಸ್ಪತ್ರೆಗೆ ಹೋದಾಗಲೆಲ್ಲ ಬೆಳಿಗ್ಗೆ ಹತ್ತರ ಹೊತ್ತಿಗೆ ಜ್ವರ ನೋಡುತ್ತಾರೆ, ಆಗ 98.4 ಇರುತ್ತದೆ. ವಿಡಾಲ್ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಎಂದು ಇಂಜೆಕ್ಷನ್ ಕೊಟ್ಟರು, ಸ್ವಲ್ಪ ದಿನ ಚೆನ್ನಾಗಿತ್ತು, ಮತ್ತೆ ಬಂತು. ಈಗ ದಾವಣಗೆರೆಯಲ್ಲಿ ತೋರಿಸಿದ ವೈದ್ಯರು, ದಿನಕ್ಕೆ ಹಲವು ಸಲ ಜ್ವರ ಅಳೆದು ಬರೆದ ಪಟ್ಟಿಯನ್ನು ತಂದರೆ ಮಾತ್ರ ಮುಂದಿನ ಪರೀಕ್ಷೆಗಳನ್ನು ನಿರ್ಧರಿಸಬಹುದು ಎಂದಿದ್ದಾರೆ. ಈ ಪಟ್ಟಿಯನ್ನು ಹೇಗೆ ಬರೆಯಬೇಕು, ಅದರಲ್ಲಿ ಅವರು ಏನನ್ನು ನೋಡುತ್ತಾರೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಜಗಳೂರು ರೈತ
ಬಿಟ್ಟು ಬಿಟ್ಟು ಬರುವ ಜ್ವರ ಎಂದರೆ ಮಲೇರಿಯಾವೇ. ನಮ್ಮ ತಂದೆಗೆ ದಿನ ಬಿಟ್ಟು ದಿನ ಚಳಿ ಹತ್ತಿ ಜ್ವರ ಬರುತ್ತಿತ್ತು, ರಕ್ತ ನೋಡಿದ ತಕ್ಷಣ ಗೊತ್ತಾಯಿತು. ಪಟ್ಟಿ ಬರೆಯುತ್ತ ಕಾಲ ಕಳೆಯುವ ಬದಲು ನಾಳೆಯೇ ಮಲೇರಿಯಾ ಪರೀಕ್ಷೆ ಮಾಡಿಸಿ.

ದುರ್ಗದ ಫಿಸಿಶಿಯನ್
ಮಲೇರಿಯಾ ಪರೀಕ್ಷೆಯನ್ನು ಖಂಡಿತ ಮಾಡಿಸಬೇಕು, ಪಟ್ಟಿಗಾಗಿ ಅದನ್ನು ಮುಂದೂಡುವ ಅಗತ್ಯವಿಲ್ಲ. ಒಂದು ಸಲ ಏನೂ ಕಾಣದಿದ್ದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ಮತ್ತೆರಡು ಸಲ ಗಾಜಿನ ಮೇಲೆ ಸವರಿದ ರಕ್ತದ ಲೇಪನ ನೋಡಬೇಕು. ಆದರೆ "ಬಿಟ್ಟು ಬಿಟ್ಟು" ಎಂಬ ಮಾತಿಗೆ ಹಲವು ಅರ್ಥಗಳಿವೆ. ದಿನವೂ ಸಂಜೆ ಬಂದು ಬೆಳಿಗ್ಗೆ ಇಳಿಯುವ ಜ್ವರವನ್ನೂ, ಒಂದು ದಿನ ಪೂರ್ತಿ ಬಿಟ್ಟು ಮರುದಿನ ಬರುವುದನ್ನೂ, ವಾರಗಟ್ಟಲೆ ಇದ್ದು ವಾರಗಟ್ಟಲೆ ಮಾಯವಾಗುವುದನ್ನೂ ಮನೆಯವರು ಇದೇ ಮಾತಿನಲ್ಲಿ ಹೇಳುತ್ತಾರೆ. ಈ ಮೂರೂ ಬೇರೆ ಬೇರೆ ಕಾಯಿಲೆಗಳ ಕಡೆಗೆ ಕೈತೋರಿಸುವುದರಿಂದ ವೈದ್ಯರಿಗೆ ಪಟ್ಟಿ ಬೇಕಾಗುತ್ತದೆ.

ಬರೆಯುವ ರೀತಿ ಸರಳವಾಗಿದೆ. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 5 ಮತ್ತು ರಾತ್ರಿ 10 ಗಂಟೆಗೆ, ಜ್ವರ ಇದ್ದರೂ ಇಲ್ಲದಿದ್ದರೂ ಅಳೆಯಿರಿ. ಮೈ ಬಿಸಿ ಎನಿಸಿದಾಗ ಮಾತ್ರ ಅಳೆದರೆ ಏರಿದ ಅಂಕಿಗಳಷ್ಟೇ ಉಳಿಯುತ್ತವೆ, ಎಲ್ಲಿಯವರೆಗೆ ಇಳಿಯಿತು ಎಂಬುದು ತಿಳಿಯುವುದಿಲ್ಲ. ಥರ್ಮಾಮೀಟರ್ ಒಂದೇ ಇರಲಿ, ಅಳೆಯುವ ಜಾಗವೂ ಒಂದೇ ಇರಲಿ. ಕಂಕುಳಲ್ಲಿ ಅಳೆದ ಅಂಕಿ ಬಾಯಿಯದಕ್ಕಿಂತ ಸಾಮಾನ್ಯವಾಗಿ ಕಡಿಮೆ ಬರುವುದರಿಂದ, ಒಂದು ದಿನ ಕಂಕುಳು, ಒಂದು ದಿನ ಬಾಯಿ ಎಂದಾದರೆ ಇಲ್ಲದ ಏರಿಳಿತ ಕಾಣಿಸುತ್ತದೆ. ಬಿಸಿ ಕಾಫಿ ಕುಡಿದ ಕೂಡಲೇ ಬಾಯಲ್ಲಿ ಅಳೆಯಬೇಡಿ.

ಎಲ್ಲಕ್ಕಿಂತ ಮುಖ್ಯವಾದುದು ಮಾತ್ರೆಯ ಹೊತ್ತು. ಪ್ಯಾರಾಸಿಟಮಾಲ್ ನಾಲ್ಕರಿಂದ ಆರು ಗಂಟೆ ಜ್ವರವನ್ನು ತಗ್ಗಿಸಬಲ್ಲದು. ಮಾತ್ರೆಯ ಹೊತ್ತನ್ನು ಬರೆಯದ ಪಟ್ಟಿಯಲ್ಲಿ ಜ್ವರ ತಾನಾಗಿ ಇಳಿಯಿತೋ ಮಾತ್ರೆಯಿಂದ ಇಳಿಯಿತೋ ಎಂಬುದು ನಮಗೆ ಗೊತ್ತಾಗುವುದಿಲ್ಲ. ಅಳೆದು, ಬರೆದು, ಆಮೇಲೆ ಮಾತ್ರೆ ಕೊಡಿ. ಪಟ್ಟಿಗಾಗಿ ರೋಗಿಯನ್ನು ನರಳಿಸಬೇಡಿ. ಚಳಿ, ಬೆವರು, ನೋವು ಇದ್ದರೆ ಅದೇ ಸಾಲಿನಲ್ಲಿ ಎರಡು ಮಾತು ಬರೆಯಿರಿ. ಗೊಂದಲದ ಮಾತು, ಉಸಿರಾಟದ ತೊಂದರೆ, ಕುತ್ತಿಗೆ ಬಿಗಿತ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಪಟ್ಟಿಯನ್ನು ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ವಿದ್ಯಾನಗರದ ತಾಯಿ
ನನ್ನ ಮಗನಿಗೆ ಐದು ವರ್ಷ. ಅವನಿಗೂ ಹೀಗೆಯೇ ತಿಂಗಳಿಗೊಮ್ಮೆ 103ರವರೆಗೆ ಜ್ವರ ಬಂದು ನಾಲ್ಕು ದಿನ ಇರುತ್ತದೆ, ಗಂಟಲು ಕೆಂಪಾಗುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ, ಪ್ರತಿ ಸಲವೂ ಆಂಟಿಬಯೋಟಿಕ್ ಕೊಡುತ್ತಾರೆ. ಇದು ಕೂಡ ಟೈಫಾಯ್ಡ್ ಇರಬಹುದೇ? ಕುರಿ, ದನ ಏನೂ ನಮ್ಮ ಮನೆಯಲ್ಲಿ ಇಲ್ಲ.

ದುರ್ಗದ ಫಿಸಿಶಿಯನ್
ಮೇಡಂ, ನೀವು ಹೇಳುತ್ತಿರುವುದು ಬೇರೆಯೇ ಬಗೆಯ ಜ್ವರ ಎನಿಸುತ್ತದೆ. ಮೂರರಿಂದ ಆರು ವಾರಗಳಿಗೊಮ್ಮೆ ಹೆಚ್ಚು ಕಡಿಮೆ ಗಡಿಯಾರದಂತೆ ಬಂದು, ಗಂಟಲು, ಬಾಯಿಹುಣ್ಣು, ಕುತ್ತಿಗೆಯ ಗಂಟುಗಳೊಂದಿಗೆ ಕೆಲವು ದಿನ ಇದ್ದು, ನಡುವಿನ ದಿನಗಳಲ್ಲಿ ಮಗು ಪೂರ್ತಿ ಚೆನ್ನಾಗಿದ್ದು, ತೂಕ ಮತ್ತು ಎತ್ತರ ಸರಿಯಾಗಿ ಬೆಳೆಯುತ್ತಿದ್ದರೆ ಮಕ್ಕಳ ವೈದ್ಯರು ಪಿಎಫ್‌ಎಪಿಎ ಎಂಬ ಸ್ಥಿತಿಯನ್ನು ಯೋಚಿಸುತ್ತಾರೆ. ಅದು ಸೋಂಕಲ್ಲದ ಕಾರಣ ಆಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ನಿಮ್ಮ ವಿಷಯದಲ್ಲಿ ಗಂಟೆಗಂಟೆಯ ಅಂಕಿಗಿಂತ ಕ್ಯಾಲೆಂಡರ್ ಮುಖ್ಯ. ಜ್ವರ ಶುರುವಾದ ಮತ್ತು ಬಿಟ್ಟ ತಾರೀಖುಗಳನ್ನು ಆರು ತಿಂಗಳು ಗುರುತಿಸಿ ಮಕ್ಕಳ ವೈದ್ಯರಿಗೆ ತೋರಿಸಿ. ರಕ್ತದ ಬಿಳಿ ಕಣಗಳು ಸುಮಾರು 21 ದಿನಗಳಿಗೊಮ್ಮೆ ಕುಸಿಯುವ ಇನ್ನೊಂದು ಕಾಯಿಲೆಯೂ ಹೀಗೆಯೇ ತೋರುವುದರಿಂದ ಅವರು ಕೆಲವು ವಾರ ರಕ್ತ ಪರೀಕ್ಷೆ ಮಾಡಿಸಬಹುದು.

ಪಿ.ಜೆ. ಬಡಾವಣೆ ಓದುಗ
ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಪಟ್ಟಿ ನೋಡಿ ಕಾಯಿಲೆ ಹೇಳುವುದು ಹಿಂದಿನ ಕಾಲದ ಪದ್ಧತಿ. ಇಂದು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಇರುವಾಗ ಹಟ್ಟಿಯಲ್ಲಿರುವ ಒಬ್ಬ ಹೆಣ್ಣುಮಗಳು ದಿನಕ್ಕೆ ನಾಲ್ಕು ಸಲ ಥರ್ಮಾಮೀಟರ್ ಹಿಡಿದು ಕೂರಬೇಕೆನ್ನುವುದು ಯಾವ ನ್ಯಾಯ? ಎಲ್ಲ ಪರೀಕ್ಷೆಗಳನ್ನೂ ಒಮ್ಮೆಗೇ ಮಾಡಿಸಿದರೆ ಕಾಯಿಲೆ ಸಿಕ್ಕೇ ಸಿಗುತ್ತದೆ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ಮೂವತ್ತು ವರ್ಷ ರಕ್ತ ಪರೀಕ್ಷಿಸಿದವನಾಗಿ ಹೇಳುತ್ತೇನೆ, "ಎಲ್ಲ ಪರೀಕ್ಷೆ" ಎಂಬ ಹೆಸರಿನ ಪರೀಕ್ಷೆ ಯಾವ ಲ್ಯಾಬಿನಲ್ಲಿಯೂ ಇಲ್ಲ. ಚೀಟಿಯಲ್ಲಿ ಬರೆದುದನ್ನು ಮಾತ್ರ ನಾವು ಹುಡುಕುತ್ತೇವೆ. ಜ್ವರದ ಪ್ಯಾಕೇಜ್ ಎಂದು ಮಾಡುವುದರಲ್ಲಿ ಸಾಮಾನ್ಯವಾಗಿ ರಕ್ತಕಣಗಳ ಎಣಿಕೆ, ಮಲೇರಿಯಾ, ಡೆಂಗ್ಯೂ, ವಿಡಾಲ್ ಇರುತ್ತವೆ. ಕಾಯಿಲೆ ಇವುಗಳ ಹೊರಗಿದ್ದರೆ ಎಷ್ಟು ಸಲ ಮಾಡಿಸಿದರೂ ಸಿಗುವುದಿಲ್ಲ.

ವಿಡಾಲ್ ಬಗ್ಗೆಯೂ ಒಂದು ಮಾತು. ಅದು ಟೈಫಾಯ್ಡ್ ರೋಗಾಣುವನ್ನು ಹುಡುಕುವುದಿಲ್ಲ, ದೇಹದಲ್ಲಿರುವ ಪ್ರತಿಕಾಯಗಳನ್ನು ನೋಡುತ್ತದೆ. ಹಿಂದೆಂದೋ ಬಂದ ಸೋಂಕಿನಿಂದಲೂ ಅದು ಪಾಸಿಟಿವ್ ಬರಬಹುದು. ಒಂದೇ ಒಂದು ವಿಡಾಲ್ ಚೀಟಿಯ ಮೇಲೆ ಎರಡು ತಿಂಗಳ ಜ್ವರಕ್ಕೆ ಟೈಫಾಯ್ಡ್ ಎಂದು ಹೆಸರಿಡುವುದು ಸರಿಯಲ್ಲ. ಇಂಜೆಕ್ಷನ್‌ಗೆ ಮೊದಲು, ರೋಗಾಣುವನ್ನು ಬೆಳೆಸಿ ನೋಡುವ ರಕ್ತದ ಕಲ್ಚರ್‌ಗೆ ಕಳಿಸಬೇಕಿತ್ತು.

ಪಿ.ಜೆ. ಬಡಾವಣೆ ಓದುಗ
ವಿಡಾಲ್ ವಿಷಯ ಒಪ್ಪುತ್ತೇನೆ. ಆದರೆ ಕಲ್ಚರ್ ಮಾಡಿಸಿ ಎನ್ನುವುದಕ್ಕೂ ಪಟ್ಟಿ ಬೇಕೆನ್ನುವುದಕ್ಕೂ ಸಂಬಂಧವೇನೆಂದು ಇನ್ನೂ ತಿಳಿಯಲಿಲ್ಲ.

ಹಿರಿಯೂರಿನ ತಮ್ಮ
ಅಕ್ಕ ಶಾಲೆಗೆ ಹೋಗುವ ಮಗಳ ಸಹಾಯದಿಂದ ಪಟ್ಟಿ ಬರೆದಿದ್ದಾರೆ. ಎಲ್ಲವೂ ಬಾಯಲ್ಲಿ ಅಳೆದದ್ದು. ಮಾದರಿಗೆ ಮೂರು ದಿನಗಳನ್ನು ಇಲ್ಲಿ ಹಾಕುತ್ತಿದ್ದೇನೆ.

ಸೋಮವಾರ: ಬೆಳಿಗ್ಗೆ 98.2, ಮಧ್ಯಾಹ್ನ 99.2, ಸಂಜೆ 101.4, ರಾತ್ರಿ 100.6. ಮಾತ್ರೆ ಇಲ್ಲ. ರಾತ್ರಿ ಎರಡರ ಹೊತ್ತಿಗೆ ವಿಪರೀತ ಬೆವರು.

ಮಂಗಳವಾರ: ಬೆಳಿಗ್ಗೆ 98.4, ಮಧ್ಯಾಹ್ನ 99.6, ಸಂಜೆ 102.2, ಐದೂವರೆಗೆ ಮಾತ್ರೆ, ರಾತ್ರಿ 99.4. ಸೊಂಟ ನೋವು.

ಬುಧವಾರ: ಬೆಳಿಗ್ಗೆ 98.6, ಮಧ್ಯಾಹ್ನ 100, ಸಂಜೆ 102.6, ಐದೂವರೆಗೆ ಮಾತ್ರೆ, ರಾತ್ರಿ 99.8. ಬೆವರು, ಸೊಂಟ ನೋವು.

ಆಮೇಲಿನ ದಿನಗಳಲ್ಲಿ ಸಂಜೆಯ ಅಂಕಿ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂದು, ಮುಂದಿನ ವಾರದ ನಡುವೆ ಮಾತ್ರೆ ಇಲ್ಲದೆಯೇ 99ಕ್ಕೆ ನಿಂತಿತು. ಐದಾರು ದಿನ ಹಾಗೆಯೇ ಇದ್ದು, ನಿನ್ನೆ ಸಂಜೆ ಮತ್ತೆ 100.8 ಆಗಿದೆ. ಮಲೇರಿಯಾಕ್ಕೆ ಮೂರು ಸಲ ರಕ್ತ ನೋಡಿದ್ದಾರೆ, ಏನೂ ಕಂಡಿಲ್ಲ.

ದುರ್ಗದ ಫಿಸಿಶಿಯನ್
ನಿಮ್ಮ ಅಕ್ಕನವರು ಬಹಳ ಚೆನ್ನಾಗಿ ಬರೆದಿದ್ದಾರೆ. ನಾನು ಇದನ್ನು ಹೇಗೆ ಓದುತ್ತೇನೆ ಎಂದು ಹೇಳುತ್ತೇನೆ, ಆದರೆ ತೀರ್ಮಾನ ರೋಗಿಯನ್ನು ಮುಟ್ಟಿ ನೋಡಿದ ವೈದ್ಯರದೇ ಆಗಿರಬೇಕು.

ಮೊದಲನೆಯದಾಗಿ, ಆರೋಗ್ಯವಂತರಲ್ಲಿಯೂ ಬೆಳಗಿನ ಜಾವಕ್ಕಿಂತ ಸಂಜೆ ಮೈಬಿಸಿ ಸುಮಾರು ಒಂದು ಡಿಗ್ರಿ ಹೆಚ್ಚಿರುತ್ತದೆ, ಸಂಜೆಯ 99.4 ಅನ್ನು ನಾನು ಜ್ವರ ಎನ್ನುವುದಿಲ್ಲ. ಇಲ್ಲಿ ಬೆಳಿಗ್ಗೆಯಿಂದ ಸಂಜೆಗೆ ಮೂರರಿಂದ ನಾಲ್ಕು ಡಿಗ್ರಿ ಏರುತ್ತಿದೆ, ಹಾಗಾಗಿ ಇದು ನಿಜವಾದ ಜ್ವರ. ಬೆಳಗಿನ ಹೊರರೋಗಿ ವಿಭಾಗದಲ್ಲಿ ಅದು ಯಾಕೆ ಸಿಗಲಿಲ್ಲ ಎಂಬುದಕ್ಕೂ ಇದೇ ಉತ್ತರ.

ಎರಡನೆಯದಾಗಿ, ಜ್ವರದ ದಿನಗಳಲ್ಲಿ ಒಂದು ಸಂಜೆಯೂ ಬಿಟ್ಟಿಲ್ಲ. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಪಳಗಿದ ಮೇಲೆ 48 ಗಂಟೆಗೊಮ್ಮೆ ಏರುತ್ತದೆ, ನಡುವಿನ ದಿನದ ಸಂಜೆ ತಣ್ಣಗಿರುತ್ತದೆ. ಆದರೆ ಶುರುವಿನ ದಿನಗಳಲ್ಲಿ ಮಲೇರಿಯಾವೂ ದಿನವೂ ಬರಬಹುದಾದ್ದರಿಂದ ಪಟ್ಟಿಯೊಂದನ್ನೇ ನೋಡಿ ಅದನ್ನು ತಳ್ಳಿಹಾಕಲು ಬರುವುದಿಲ್ಲ, ಜಗಳೂರಿನವರ ಸಲಹೆ ಅಷ್ಟರಮಟ್ಟಿಗೆ ಸರಿ. ಇಲ್ಲಿ ಮೂರು ಲೇಪನಗಳು ಅದನ್ನು ಬಹುಮಟ್ಟಿಗೆ ದೂರ ಮಾಡಿವೆ. ಚಿಕಿತ್ಸೆಯಿಲ್ಲದ ಟೈಫಾಯ್ಡ್ ಮೊದಲ ವಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲೆಯೇ ನಿಲ್ಲುತ್ತದೆ. ದಿನವೂ ಬೆಳಿಗ್ಗೆ 98ಕ್ಕೆ ಇಳಿಯುವುದು ಅದರ ಸ್ವಭಾವವಲ್ಲ.

ಮೂರನೆಯದಾಗಿ, ಸಂಜೆಯ ಅಂಕಿಗಳನ್ನು ಮಾತ್ರ ಆರಿಸಿ ಒಂದು ಗೆರೆ ಎಳೆದರೆ ಅದು ದಿನದಿಂದ ದಿನಕ್ಕೆ ಏರಿ, ಇಳಿದು, ಸಮತಟ್ಟಾಗಿ, ಮತ್ತೆ ಏಳುವ ಅಲೆಯಂತೆ ಕಾಣುತ್ತದೆ. ಹೀಗೆ ಅಲೆಯಾಗಿ ಬರುವ ಜ್ವರ, ರಾತ್ರಿಯ ಬೆವರು, ಸೊಂಟ ನೋವು, ಕುರಿ ಸಾಕಣೆ ಇವಿಷ್ಟೂ ಸೇರಿದಾಗ ನಾನು ಕೇಳುವ ಪ್ರಶ್ನೆ ಇದು: ಈ ವರ್ಷ ನಿಮ್ಮ ಭಾವನ ಮಂದೆಯಲ್ಲಿ ಕುರಿಗಳು ಕಂದು ಹಾಕಿದ್ದವೇ?

ಹಿರಿಯೂರಿನ ತಮ್ಮ
ಸರ್, ಈಗಷ್ಟೇ ಅಕ್ಕನಿಗೆ ಫೋನ್ ಮಾಡಿದೆ. ಜ್ವರ ಶುರುವಾಗುವುದಕ್ಕೆ ಕೆಲವು ವಾರ ಮೊದಲು ಹಲವು ಕುರಿಗಳು ದಿನ ತುಂಬುವ ಮುನ್ನವೇ ಕಂದು ಹಾಕಿದ್ದವಂತೆ. ಸತ್ತ ಮರಿಗಳನ್ನೂ ಮಾಸನ್ನೂ ಭಾವನೇ ಬರಿಗೈಯಲ್ಲಿ ತೆಗೆದು ಹಾಕಿದ್ದಾನೆ. ಇದನ್ನು ಯಾವ ಆಸ್ಪತ್ರೆಯಲ್ಲಿಯೂ ಯಾರೂ ಕೇಳಲಿಲ್ಲ, ನಮಗೂ ಹೇಳಬೇಕೆಂದು ಹೊಳೆಯಲಿಲ್ಲ.

ಚಳ್ಳಕೆರೆ ಪಶುವೈದ್ಯ
ಹಾಗಿದ್ದರೆ ಬ್ರುಸೆಲ್ಲೋಸಿಸ್ ಪರೀಕ್ಷೆಯನ್ನು ಮಾಡಿಸಲೇಬೇಕು. ನಾವು ಕಂದು ರೋಗ ಎನ್ನುವುದು ಇದನ್ನೇ. ಕಂದು ಹಾಕಿದ ಕುರಿಯ ಮಾಸು, ಗರ್ಭದ ನೀರು ಮತ್ತು ಆಮೇಲಿನ ಸ್ರಾವದಲ್ಲಿ ರೋಗಾಣು ಅಪಾರವಾಗಿರುತ್ತದೆ. ಕೈಯ ಗೀರುಗಳಿಂದ, ಕಣ್ಣಿಗೆ ಸಿಡಿದ ಹನಿಯಿಂದ, ದೊಡ್ಡಿಯ ಧೂಳನ್ನು ಉಸಿರಾಡುವುದರಿಂದ ಮನುಷ್ಯರಿಗೆ ಬರುತ್ತದೆ. ಕಾಯಿಸದ ಹಾಲಿನಿಂದಲೂ ಬರುತ್ತದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಇದೇ ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಗುರುತಿಸಿದರು. ಅದು ಆಡಿನ ಹಾಲಿನಿಂದ ಬರುತ್ತಿದೆ ಎಂಬುದು ತಿಳಿಯಲು 1905ರವರೆಗೆ ಕಾಯಬೇಕಾಯಿತು.

ಕುರಿಗಳು ಕಂದು ಹಾಕಲು ಬೇರೆ ಕಾರಣಗಳೂ ಇವೆ ಎಂಬುದನ್ನು ಮರೆಯಬಾರದು. ಮಂದೆಯ ರಕ್ತದ ಮಾದರಿ ಪರೀಕ್ಷೆಯಾಗದೆ ನಾನು ಇದನ್ನು ಕಂದು ರೋಗ ಎಂದು ಖಚಿತವಾಗಿ ಹೇಳುವುದಿಲ್ಲ.

ಜಗಳೂರು ರೈತ
ನಾವು ತಲೆತಲಾಂತರದಿಂದ ಕುರಿ ಈಯಿಸುತ್ತಿದ್ದೇವೆ, ಯಾರೂ ಕೈಗವಸು ಹಾಕಿದವರಲ್ಲ. ಹಟ್ಟಿಯಲ್ಲಿ ಎಲ್ಲರೂ ಮುಟ್ಟಿರುವಾಗ ಇವರೊಬ್ಬರಿಗೇ ಯಾಕೆ ಬರಬೇಕು?

ಚಳ್ಳಕೆರೆ ಪಶುವೈದ್ಯ
ಅಣ್ಣ, ಇವರೊಬ್ಬರಿಗೇ ಬಂದಿದೆ ಎಂದು ನಮಗೆ ಗೊತ್ತಿಲ್ಲ. ಹಟ್ಟಿಗಳಲ್ಲಿ ಮೈಕೈ ನೋವು, ಸಂಜೆಯ ಜ್ವರ, ಕೀಲು ನೋವು ಎಂದು ವರ್ಷಗಟ್ಟಲೆ ಓಡಾಡುವವರ ರಕ್ತವನ್ನು ಯಾರೂ ಈ ಕಾಯಿಲೆಗಾಗಿ ನೋಡಿರುವುದಿಲ್ಲ. ರೋಗಾಣು ಹೊಕ್ಕ ಎಲ್ಲರಿಗೂ ಜ್ವರ ಬರುವುದೂ ಇಲ್ಲ.

ಹೊಳಲ್ಕೆರೆ ಶಿಕ್ಷಕಿ
ನಮ್ಮ ಸಂಬಂಧಿಕರೊಬ್ಬರಿಗೆ ಇಂಥದೇ ಸಂಜೆಯ ಜ್ವರ, ಬೆವರು, ತೂಕ ಇಳಿಕೆ ಇತ್ತು. ಅವರಿಗೆ ಕ್ಷಯವೆಂದು ಔಷಧ ಶುರು ಮಾಡಿದರು, ಜ್ವರವೂ ನಿಂತಿತು. ಇಲ್ಲಿಯೂ ಕ್ಷಯವೇ ಇರಬಹುದಲ್ಲವೇ?

ದುರ್ಗದ ಫಿಸಿಶಿಯನ್
ಇರಬಹುದು ಮೇಡಂ, ಪಟ್ಟಿಯ ಮಿತಿ ಇರುವುದೇ ಇಲ್ಲಿ. ಸಂಜೆಯ ಜ್ವರ ಮತ್ತು ರಾತ್ರಿಯ ಬೆವರು ಕ್ಷಯದಲ್ಲಿಯೂ ಇರುತ್ತವೆ, ಕೆಲವು ದುಗ್ಧರಸ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿಯೂ ಜ್ವರ ವಾರಗಟ್ಟಲೆ ಬಂದು ಬಿಡುತ್ತದೆ. ಬ್ರುಸೆಲ್ಲೋಸಿಸ್ ಇರುವ ಅನೇಕರಲ್ಲಿ ಈ ಅಲೆ ಕಾಣಿಸುವುದೇ ಇಲ್ಲ, ವಿಶೇಷವಾಗಿ ನಡುವೆ ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬ್ರುಸೆಲ್ಲಾ ರೋಗಾಣುವಿನ ಮೇಲೆಯೂ ಕೆಲಸ ಮಾಡುತ್ತದೆ. ಹಾಗಾಗಿ ಕ್ಷಯದ ಔಷಧದಿಂದ ಜ್ವರ ನಿಂತಿತು ಎಂಬ ಮಾತ್ರಕ್ಕೆ ಅದು ಕ್ಷಯವೇ ಆಗಿತ್ತು ಎನ್ನಲಾಗದು. ಇದು ತಿರುವುಮುರುವಾಗಿಯೂ ನಿಜ. ಒಳಗೆ ಕ್ಷಯವಿರುವವರಿಗೆ ಬ್ರುಸೆಲ್ಲೋಸಿಸ್ ಎಂದು ರಿಫಾಂಪಿಸಿನ್ ಕೊಟ್ಟರೆ ಕ್ಷಯದ ರೋಗಾಣು ಆ ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಎದೆಯ ಎಕ್ಸ್‌ರೇ, ಕಫವಿದ್ದರೆ ಕಫ ಪರೀಕ್ಷೆ ಮೊದಲೇ ಆಗಬೇಕು.

ಪಿ.ಜೆ. ಬಡಾವಣೆಯವರ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಪಟ್ಟಿ ಕಾಯಿಲೆಯ ಹೆಸರನ್ನು ಹೇಳಲಿಲ್ಲ. ಯಾವ ಪ್ರಶ್ನೆ ಕೇಳಬೇಕು, ಯಾವ ಪರೀಕ್ಷೆಯನ್ನು ಚೀಟಿಯಲ್ಲಿ ಬರೆಯಬೇಕು ಎಂಬುದನ್ನು ಹೇಳಿತು.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ಪರೀಕ್ಷೆಗೆ ಹೋಗುವಾಗ ಕುರಿ ಕಂದು ಹಾಕಿದ ವಿಷಯವನ್ನು ಲ್ಯಾಬಿನವರಿಗೂ ತಪ್ಪದೆ ಹೇಳಿ. ಬ್ರುಸೆಲ್ಲಾ ನಿಧಾನವಾಗಿ ಬೆಳೆಯುತ್ತದೆ, ಮುಂಚಿತವಾಗಿ ತಿಳಿದಿದ್ದರೆ ಕಲ್ಚರ್ ಬಾಟಲಿಯನ್ನು ಬೇಗ ಎಸೆಯದೆ ಹೆಚ್ಚು ದಿನ ಇಡುತ್ತಾರೆ. ಅಲ್ಲದೆ ತೆರೆದ ಮೇಜಿನ ಮೇಲೆ ಆ ಕಲ್ಚರ್ ನಿರ್ವಹಿಸಿದ ಸಿಬ್ಬಂದಿಗೇ ಉಸಿರಿನ ಮೂಲಕ ಸೋಂಕು ತಗಲುವುದುಂಟು. ಅವರ ರಕ್ಷಣೆಗಾಗಿಯೂ ಹೇಳಬೇಕು.

ಬ್ರುಸೆಲ್ಲಾ ವಿರುದ್ಧದ ಪ್ರತಿಕಾಯಗಳನ್ನು ನೋಡುವ ರೋಸ್ ಬೆಂಗಾಲ್ ಎಂಬ ಪರೀಕ್ಷೆ ಕೆಲವೇ ನಿಮಿಷಗಳದ್ದು. ಅದರ ಜೊತೆಗೆ ಟ್ಯೂಬ್ ಅಗ್ಲುಟಿನೇಷನ್ ಪರೀಕ್ಷೆಯನ್ನೂ ಮಾಡಿಸಿ. ಅದರಲ್ಲಿ ರಕ್ತದಿಂದ ಬೇರ್ಪಡಿಸಿದ ತಿಳಿದ್ರವವಾದ ಸೀರಮ್ ಅನ್ನು ಹಂತಹಂತವಾಗಿ ತೆಳುವಾಗಿಸುತ್ತ ಹೋಗಬೇಕು. ಪ್ರತಿಕಾಯಗಳು ಬಹಳ ಹೆಚ್ಚಿರುವ ರಕ್ತ ಮೊದಲ ಟ್ಯೂಬುಗಳಲ್ಲಿ ಏನೂ ತೋರಿಸದೆ, ಚೆನ್ನಾಗಿ ತೆಳುವಾದ ಮೇಲೆಯೇ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಎರಡು ಟ್ಯೂಬ್ ನೋಡಿ ನೆಗೆಟಿವ್ ಎಂದು ಬರೆದರೆ ಕಾಯಿಲೆ ಜೋರಾಗಿರುವವನೇ ತಪ್ಪಿಹೋಗುತ್ತಾನೆ.

ಹಿರಿಯೂರಿನ ತಮ್ಮ
ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿಯನ್ನೂ ಕುರಿಗಳ ವಿಷಯವನ್ನೂ ನಮ್ಮ ವೈದ್ಯರ ಮುಂದೆ ಇಟ್ಟೆವು. ರೋಸ್ ಬೆಂಗಾಲ್ ಪಾಸಿಟಿವ್ ಬಂದಿದೆ, ಟ್ಯೂಬ್ ಪರೀಕ್ಷೆಯಲ್ಲಿ 1:640 ಬಂದಿದೆ, ಅಂದರೆ ಸೀರಮ್ ಅನ್ನು 640 ಪಟ್ಟು ತೆಳುವಾಗಿಸಿದ ಮೇಲೂ ಪ್ರತಿಕಾಯ ಕಂಡಿದೆಯಂತೆ. ಎಕ್ಸ್‌ರೇ ಸರಿಯಾಗಿದೆ, ಕಲ್ಚರ್ ಇನ್ನೂ ಬರಬೇಕು. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಆರು ವಾರ ತೆಗೆದುಕೊಳ್ಳಬೇಕೆಂದು ಹೇಳಿದ್ದಾರೆ. ಭಾವನಿಗೆ ಮೂತ್ರ ಕೆಂಪಾಯಿತೆಂದು ಗಾಬರಿಯಾಗಿದೆ, ಒಂದು ವಾರದಲ್ಲಿ ಜ್ವರ ಬಿಟ್ಟರೆ ಮಾತ್ರೆ ನಿಲ್ಲಿಸಬಹುದೇ ಎಂದು ಈಗಲೇ ಕೇಳುತ್ತಿದ್ದಾನೆ.

ಪಿ.ಜೆ. ಬಡಾವಣೆ ಓದುಗ
1:640 ಎಂದ ಮೇಲೆ ಖಚಿತವಾಯಿತಲ್ಲ, ಇನ್ನು ಪಟ್ಟಿಯ ಅಗತ್ಯವಿಲ್ಲ.

ದುರ್ಗದ ಫಿಸಿಶಿಯನ್
ಸಾಮಾನ್ಯವಾಗಿ 1:160 ಅಥವಾ ಅದಕ್ಕಿಂತ ಹೆಚ್ಚು ಬಂದು ಲಕ್ಷಣಗಳೂ ಹೊಂದಿದರೆ ನಾವು ಕಾಯಿಲೆ ಎಂದೇ ತೆಗೆದುಕೊಳ್ಳುತ್ತೇವೆ. ದಿನವೂ ಕುರಿಗಳ ನಡುವೆ ಇರುವವರಲ್ಲಿ ಕಾಯಿಲೆಯಿಲ್ಲದೆಯೂ ಸಣ್ಣ ಪ್ರಮಾಣದ ಪ್ರತಿಕಾಯಗಳು ಇರುತ್ತವೆ, ಆದರೆ ಈ ಅಂಕಿ ಆ ಮಟ್ಟದ್ದಲ್ಲ.

ಮೂತ್ರ ಕೆಂಪು ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಗಾಬರಿ ಬೇಡ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಮಧ್ಯದಲ್ಲಿ ನಿಲ್ಲಿಸಲೇಬಾರದು. ಈ ರೋಗಾಣು ನಮ್ಮ ರಕ್ಷಕ ಕಣಗಳ ಒಳಗೇ ಅಡಗಿರುವುದರಿಂದ ಒಂದೇ ಔಷಧ ಕೊಟ್ಟರೂ, ಎರಡು ಔಷಧಗಳನ್ನು ಕಡಿಮೆ ದಿನ ಕೊಟ್ಟರೂ ಮರುಕಳಿಸುತ್ತದೆ. ಮೊದಲು ಕೊಟ್ಟ ಟೈಫಾಯ್ಡ್ ಇಂಜೆಕ್ಷನ್‌ನಿಂದ ಜ್ವರ ತಗ್ಗಿತೋ, ಅಥವಾ ಆಗ ಅಲೆಯೇ ಇಳಿಯುವ ಹೊತ್ತಾಗಿತ್ತೋ ಎಂಬುದನ್ನು ಆಗಿನ ಪಟ್ಟಿ ಇಲ್ಲದ ಕಾರಣ ಈಗ ಹೇಳಲಾಗುವುದಿಲ್ಲ.

ಪಟ್ಟಿಯನ್ನು ಮುಂದುವರಿಸಿ. ಸಾಮಾನ್ಯವಾಗಿ ಮೊದಲ ಒಂದು ವಾರದೊಳಗೆ ಸಂಜೆಯ ಅಂಕಿ ಇಳಿಯಬೇಕು. ಆದರೆ ಈ ಜ್ವರ ತಾನಾಗಿಯೂ ಇಳಿಯುವುದರಿಂದ ಮುಂದಿನ ಅಲೆಯ ಹೊತ್ತು ಕಳೆದ ಮೇಲೂ ಸಂಜೆ ತಣ್ಣಗಿದ್ದರೆ ಮಾತ್ರ ಔಷಧ ಕೆಲಸ ಮಾಡುತ್ತಿದೆ ಎನ್ನಬಹುದು. ಜ್ವರ ನಿಂತರೂ ಸೊಂಟ ನೋವು ಉಳಿದರೆ ಬೆನ್ನುಮೂಳೆಗೆ ಸೋಂಕು ತಗಲಿದೆಯೇ ಎಂದು ಎಂಆರ್‌ಐ ಮಾಡಿಸಬೇಕಾಗುತ್ತದೆ, ಹಾಗಿದ್ದರೆ ಆರು ವಾರದ ಔಷಧ ಸಾಲದು. ಔಷಧ ಮುಗಿದ ಮೇಲೆಯೂ ಕೆಲವು ತಿಂಗಳು ವಾರಕ್ಕೆರಡು ಸಂಜೆ ಅಳೆದು ಬರೆಯುತ್ತಿರಿ.

ಹಿರಿಯೂರಿನ ತಮ್ಮ
ಖಂಡಿತ ಬರೆಯಿಸುತ್ತೇನೆ ಸರ್. ಅಕ್ಕನಿಗೂ ಮಗಳಿಗೂ ಜ್ವರ ಇಲ್ಲ, ಆದರೆ ಅಕ್ಕನಿಗೆ ಸುಸ್ತು ಇದೆ. ಕಂದು ಹಾಕಿದ ಕುರಿಗಳನ್ನು ಸಂತೆಗೆ ಹೊಡೆದುಬಿಡೋಣ ಎಂದು ಭಾವನ ಅಣ್ಣ ಹೇಳುತ್ತಿದ್ದಾರೆ. ಕುರಿಗಳಿಗೆ ಲಸಿಕೆ ಹಾಕಿಸಲು ಬರುವುದಿಲ್ಲವೇ?

ಚಳ್ಳಕೆರೆ ಪಶುವೈದ್ಯ
ದಯವಿಟ್ಟು ಸಂತೆಗೆ ಹೊಡೆಯಬೇಡಿ, ಕಾಯಿಲೆ ಇನ್ನೊಂದು ಹಟ್ಟಿಗೆ ಹೋಗುತ್ತದೆ. ಆ ಕುರಿಗಳನ್ನು ಮಂದೆಯಿಂದ ಬೇರೆ ಕಟ್ಟಿ, ತಾಲ್ಲೂಕಿನ ಪಶು ಆಸ್ಪತ್ರೆಗೆ ತಿಳಿಸಿ ರಕ್ತದ ಮಾದರಿ ತೆಗೆಸಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಕಾಯಿಲೆಗೆ ಲಸಿಕೆ ಹಾಕುವುದು ನಾಲ್ಕರಿಂದ ಎಂಟು ತಿಂಗಳಿನ ಹೆಣ್ಣು ಕರುಗಳಿಗೆ ಮತ್ತು ಎಮ್ಮೆಯ ಹೆಣ್ಣು ಕರುಗಳಿಗೆ. ಕುರಿಗಳು ಅದರಲ್ಲಿ ಸೇರಿಲ್ಲ. ಕುರಿಗಾರರ ನಾಡಿನಲ್ಲಿ ಕೆಲಸ ಮಾಡುವ ನನಗೆ ಇದು ದೊಡ್ಡ ಕೊರತೆ ಎಂದೇ ಅನಿಸುತ್ತದೆ.

ಮುಂದೆ ಯಾವ ಕುರಿ ಕಂದು ಹಾಕಿದರೂ ಕೈಗವಸು ಹಾಕಿ, ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಂಡು, ಮಾಸು ಮತ್ತು ಮರಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ನಾಯಿಗಳಿಗೆ ಎಸೆಯಲೇಬಾರದು.

ದುರ್ಗದ ಫಿಸಿಶಿಯನ್
ಅಕ್ಕನವರ ರಕ್ತವನ್ನೂ ಇದೇ ಪರೀಕ್ಷೆಗೆ ಕೊಡಿಸಿ. ಸಂಜೆ 5ರ ಅಂಕಿಯನ್ನು ಅವರದೂ ಒಂದು ವಾರ ಅದೇ ಪುಸ್ತಕದಲ್ಲಿ ಬೇರೆ ಹಾಳೆಯ ಮೇಲೆ ಬರೆಯಲಿ. ಅವರು ಬಸುರಿಯಾಗಿದ್ದರೆ ಅಥವಾ ಆ ಅನುಮಾನವಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು, ಏಕೆಂದರೆ ಈ ಸೋಂಕಿನಿಂದ ಗರ್ಭಪಾತವಾಗುವ ಅಪಾಯವಿದೆ ಮತ್ತು ಆಗ ಡಾಕ್ಸಿಸೈಕ್ಲಿನ್ ಬದಲು ಬೇರೆ ಔಷಧವನ್ನು ಆರಿಸಬೇಕಾಗುತ್ತದೆ.